ರಾಫ್ಟ್ ಕೆಳಗಿನ ಮೆಂಬ್ರೇನ್: ಒಂದು ಬೇಸ್‌ಮೆಂಟಿನ ಪ್ರಕರಣ ಅಧ್ಯಯನ

ಎರಡು ಹಂತದ ಬೇಸ್‌ಮೆಂಟ್ ಇರುವ ಕಟ್ಟಡವೊಂದರ ರಾಫ್ಟ್, ಅಂದರೆ ಇಡೀ ಕಟ್ಟಡವನ್ನು ಹೊರುವ ಅಡಿಪಾಯದ ಕಾಂಕ್ರೀಟ್ ಚಪ್ಪಡಿ ಇದು. ಉದ್ದ 42 ಮೀಟರ್, ಅಗಲ 28 ಮೀಟರ್, ದಪ್ಪ 900 ಮಿಲಿಮೀಟರ್. ರಾಫ್ಟಿನ ತಳ ನೆಲಮಟ್ಟದಿಂದ 7 ಮೀಟರ್ ಕೆಳಗಿದೆ. ಅಂತರ್ಜಲ ತಾನಾಗಿ ನಿಲ್ಲುವುದು ನೆಲಮಟ್ಟದಿಂದ 2 ಮೀಟರ್ ಕೆಳಗೆ. ಕೆಲಸದ ಕಾಲದಲ್ಲಿ ಅದನ್ನು ಇಳಿಸಿ ಹಿಡಿದಿಡುವ ಪಂಪುಗಳನ್ನು ನಿಲ್ಲಿಸಿದ ದಿನದಿಂದ ರಾಫ್ಟಿನ ತಳವನ್ನು 5 ಮೀಟರ್ ಎತ್ತರದ ನೀರು, ಅಂದರೆ ಚದರ ಮೀಟರಿಗೆ ಸುಮಾರು 5 ಟನ್ ಬಲ, ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಈ ನೀರನ್ನು ತಡೆಯಲು ರಾಫ್ಟಿನ ಕೆಳಗೆ ಹಾಸುವ ಮೆಂಬ್ರೇನ್ ಹಾಳೆಯಲ್ಲಿ ತೂತು ಬಿದ್ದಿದ್ದರೆ ಅದನ್ನು ಮುಟ್ಟಿ ಸರಿಪಡಿಸುವ ದಾರಿ ಆಮೇಲೆ ಯಾರಿಗೂ ಇಲ್ಲ.

ಮಾಲೀಕರ ಪರವಾಗಿ ಜಲನಿರೋಧಕ ಕೆಲಸದ ತಪಾಸಣೆ ನನ್ನ ಪಾಲಿಗೆ ಬಂದಿತ್ತು. ಗುತ್ತಿಗೆದಾರರು ಕೊಟ್ಟ ಮೊದಲ ಮೆಥಡ್ ಸ್ಟೇಟ್‌ಮೆಂಟಿನಲ್ಲಿ, ಅಂದರೆ ಕೆಲಸದ ವಿಧಾನ ಬರೆದ ಪತ್ರದಲ್ಲಿ, ಮೆಂಬ್ರೇನ್ ಹಾಸುವ ಕ್ರಮ ಸರಿಯಾಗಿಯೇ ಇತ್ತು. ಇಲ್ಲದ್ದು ಒಂದೇ: ಹಾಸಿದ ಮೇಲೆ ಅದರ ಮೇಲೆ ಯಾರು ಓಡಾಡುತ್ತಾರೆ, ಏನು ಇಳಿಸುತ್ತಾರೆ, ಎಷ್ಟು ವಾರ ಅದು ಹಾಗೆಯೇ ಬಿದ್ದಿರುತ್ತದೆ ಎಂಬ ವಿವರ. ರಾಫ್ಟ್ ಕೆಳಗಿನ ಮೆಂಬ್ರೇನ್ ಹಾಸುವಾಗ ಕೆಡುವುದಕ್ಕಿಂತ ಹಾಸಿದ ಮೇಲೆ, ಕಾಂಕ್ರೀಟ್ ಬೀಳುವ ಮೊದಲು ಕೆಡುವುದೇ ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಪತ್ರವನ್ನು ಆ ಅವಧಿಯ ಸುತ್ತಲೇ ಮತ್ತೆ ಬರೆಯಿಸಿದೆವು.

ಯಾವ ಮೆಂಬ್ರೇನ್, ಏಕೆ

ಎರಡು ಆಯ್ಕೆಗಳು ಮುಂದಿದ್ದವು. ಮೊದಲನೆಯದು ಹಸಿ ಕಾಂಕ್ರೀಟಿಗೆ ತಾನೇ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಾಳೆ. ಇದನ್ನು ಪಿಸಿಸಿ, ಅಂದರೆ ನೆಲಕ್ಕೆ ಮೊದಲು ಹಾಕುವ ಕಂಬಿಯಿಲ್ಲದ ತೆಳು ಕಾಂಕ್ರೀಟ್ ಹಾಸಿನ ಮೇಲೆ ಬಿಡಿಯಾಗಿ ಹಾಸುತ್ತಾರೆ. ಮೇಲೆ ಸುರಿದ ರಾಫ್ಟ್ ಕಾಂಕ್ರೀಟ್ ಗಟ್ಟಿಯಾಗುತ್ತ ಅದರ ಮೈಗೆ ಕಚ್ಚಿಕೊಳ್ಳುತ್ತದೆ. ತೂತು ಬಿದ್ದರೂ ಹಾಳೆಗೂ ರಾಫ್ಟಿಗೂ ನಡುವೆ ನೀರು ಅಡ್ಡ ಹರಿಯಲು ಸಂದು ಸಿಗುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಆದರೆ ಕಾಂಕ್ರೀಟಿಗೆ ನೇರವಾಗಿ ಅಂಟಬೇಕಾದ್ದರಿಂದ ಅದರ ಮೇಲೆ ಸ್ಕ್ರೀಡ್, ಅಂದರೆ ರಕ್ಷಣೆಯ ತೆಳು ಕಾಂಕ್ರೀಟ್ ಪದರ ಹಾಕುವಂತಿಲ್ಲ. ಕಂಬಿ ಕಟ್ಟುವ ಅಷ್ಟೂ ದಿನ ಹಾಳೆ ಬರಿಮೈಯಲ್ಲೇ ಇರಬೇಕು, ಕೆಸರು ಮೆತ್ತದಂತೆಯೂ ಇರಬೇಕು.

ಎರಡನೆಯದು ಗ್ಯಾಸ್ ಬರ್ನರಿನಿಂದ ಕಾಯಿಸಿ ಅಂಟಿಸುವ, ಪಾಲಿಯೆಸ್ಟರ್ ಬಲವರ್ಧನೆ ಇರುವ, ಎಪಿಪಿ ಎಂಬ ಪ್ಲಾಸ್ಟಿಕ್ ಬೆರೆಸಿದ ಬಿಟುಮೆನ್ ಮೆಂಬ್ರೇನ್. ತಲಾ 4 ಮಿಲಿಮೀಟರಿನ ಎರಡು ಪದರ, ಮೇಲೆ 50 ಮಿಲಿಮೀಟರ್ ಸ್ಕ್ರೀಡ್. ರಾಫ್ಟಿನಲ್ಲಿ ಕಂಬಿಯ ಕೆಲಸ ದೀರ್ಘವಾಗಿತ್ತು, ದಪ್ಪ ಕಂಬಿಗಳ ಕಟ್ಟುಗಳು ಕ್ರೇನಿನಿಂದ ಇಳಿಯುವವು. ಬರಿಯ ಹಾಳೆ ಇಲ್ಲಿ ಉಳಿಯದು ಎಂದು ತೀರ್ಮಾನಿಸಿ ಬಿಟುಮೆನ್ ಮೆಂಬ್ರೇನನ್ನೇ ಒಪ್ಪಿದೆವು. ಇದಕ್ಕೆ ತೆರಬೇಕಾದ ಬೆಲೆಯನ್ನೂ ಪತ್ರದಲ್ಲಿ ಬರೆಯಿಸಿದೆವು: ಮೆಂಬ್ರೇನ್ ದಾಟಿದ ನೀರು ಸ್ಕ್ರೀಡಿಗೂ ರಾಫ್ಟಿಗೂ ನಡುವಿನ ಸಂದಿನಲ್ಲಿ ದೂರ ಹರಿಯಬಲ್ಲದು. ಒಳಗೆ ತೇವ ಕಾಣುವ ಜಾಗದ ನೇರ ಕೆಳಗೇ ತೂತು ಇರುತ್ತದೆ ಎಂದು ಹೇಳಲಾಗದು.

ಸುರುಳಿ 1 ಮೀಟರ್ ಅಗಲ, 10 ಮೀಟರ್ ಉದ್ದ. ಒಂದು ಹಾಳೆ ಇನ್ನೊಂದರ ಮೇಲೆ ಬರುವ ಭಾಗವೇ ಲ್ಯಾಪ್: ಪಕ್ಕದ ಲ್ಯಾಪ್ 100 ಮಿಲಿಮೀಟರ್, ತುದಿಯ ಲ್ಯಾಪ್ 150. ಇವೆರಡನ್ನೂ ಕಳೆದರೆ ಒಂದು ಸುರುಳಿ ನಿಜವಾಗಿ ಮುಚ್ಚುವುದು 8.9 ಚದರ ಮೀಟರಿಗಿಂತ ತುಸು ಕಡಿಮೆ. ತಳದ 1,176 ಚದರ ಮೀಟರಿಗೆ ಒಂದು ಪದರಕ್ಕೆ 133 ಸುರುಳಿ ಬೇಕು. ಅಂಚಿನ ಏರಿಕೆ, ಕತ್ತರಿಸಿ ಹಾಳಾಗುವ ಭಾಗ ಸೇರಿದರೆ 160 ದಾಟುತ್ತದೆ. ಈ ಲೆಕ್ಕ ತಪಾಸಣೆಗೂ ಒದಗುತ್ತದೆ. ಖರ್ಚಾದ ಸುರುಳಿ ತೀರ ಕಡಿಮೆ ಬಂದರೆ ಲ್ಯಾಪ್ ಕದ್ದಿದ್ದಾರೆ ಎಂದೇ ಅರ್ಥ.

ನೀರು ಇಳಿಯದೆ ಏನೂ ಇಲ್ಲ

ಪಿಸಿಸಿಯ ತಳದಿಂದ ಕನಿಷ್ಠ ಅರ್ಧ ಮೀಟರ್ ಕೆಳಗೆ ನೀರನ್ನು ಹಿಡಿದಿಡಬೇಕು ಎಂಬುದು ಪತ್ರದ ಮೊದಲ ಷರತ್ತು. 100 ಮಿಲಿಮೀಟರ್ ದಪ್ಪದ ಪಿಸಿಸಿಯನ್ನು ಕರಣೆಯಿಂದ ನಯಗೊಳಿಸಿ, ಜಲ್ಲಿಯ ಮೊನೆ, ಸಿಮೆಂಟ್ ಹಾಲಿನ ಪುಡಿ, ಗುಂಡಿಗಳು ಉಳಿಯದಂತೆ ಮಾಡಿಸಿದೆವು. ತಳ ಮತ್ತು ಗೋಡೆ ಸೇರುವ ಮೂಲೆಗಳಲ್ಲೆಲ್ಲ 50 ಮಿಲಿಮೀಟರಿನ ಓರೆ ಗಾರೆಪಟ್ಟಿ. ಮೆಂಬ್ರೇನನ್ನು ಲಂಬಕೋನದಲ್ಲಿ ಮಡಿಸಿದರೆ ಹಿಂದೆ ಪೊಳ್ಳು ಉಳಿದು, ಕಾಂಕ್ರೀಟಿನ ಭಾರಕ್ಕೆ ಅಲ್ಲೇ ಸೀಳುತ್ತದೆ.

ತೇವವನ್ನು ನೋಡಲು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡುತ್ತಿದ್ದೆವು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ಅಲ್ಲಿ ಪ್ರೈಮರ್ ಇಲ್ಲ. ಇಲ್ಲೊಂದು ಮಾತು ಹೇಳಲೇಬೇಕು. ತಳದ ಮೆಂಬ್ರೇನಿನ ಕೆಳಗೆ ಹೇಗೂ ಮುಂದೆ ನೀರೇ ಇರುತ್ತದೆ. ಪಿಸಿಸಿಗೆ ಅದು ಅಂಟಿದ್ದರಿಂದ ಜಲನಿರೋಧಕ ಗುಣ ಹೆಚ್ಚುವುದಿಲ್ಲ. ನೀರನ್ನು ತಡೆಯುವುದು ಹಾಳೆ ಹಾಳೆಗೆ ಬೆಸೆದ ಲ್ಯಾಪ್. ತೇವದ ಮೇಲೆ ಬರ್ನರ್ ಹಿಡಿದಾಗ ಹೊರಡುವ ಹಬೆ ಲ್ಯಾಪಿನೊಳಗೆ ನುಗ್ಗಿ ಬೆಸುಗೆಯನ್ನು ಹಾಳುಮಾಡುತ್ತದೆ, ಒಣಮೈ ಬೇಕೆನ್ನುವುದು ಮುಖ್ಯವಾಗಿ ಅದಕ್ಕೆ. ನಡುಹಾಳೆಯಲ್ಲಿ ಎದ್ದ ಸಣ್ಣ ಗುಳ್ಳೆಗೆ ನಾನು ಅಷ್ಟು ಹೆದರುವುದಿಲ್ಲ. ಲ್ಯಾಪಿನ ಮೇಲೆ ಹಾದುಹೋದ ಗುಳ್ಳೆ ಕಂಡರೆ ಬಿಡುವುದೇ ಇಲ್ಲ.

ಅಂಚಿನ ತೀರ್ಮಾನ

ಪತ್ರದಲ್ಲಿ ಹೆಚ್ಚು ವಾದ ನಡೆದದ್ದು ರಾಫ್ಟಿನ ಅಂಚಿನ ಬಗ್ಗೆ. ಮೂಲ ನಕ್ಷೆಯಲ್ಲಿ ಮೆಂಬ್ರೇನನ್ನು ರಾಫ್ಟಿನ ಹೊರಗೆ ಪಿಸಿಸಿಯ ಮೇಲೆ 300 ಮಿಲಿಮೀಟರ್ ಚಾಚಿ ಬಿಟ್ಟು, ಮುಂದೆ ಗೋಡೆಯ ಮೆಂಬ್ರೇನ್ ಕೆಳಗಿಳಿದು ಬಂದಾಗ ಅದಕ್ಕೆ ಬೆಸೆಯುವ ಯೋಜನೆ ಇತ್ತು. ಕಾಗದದ ಮೇಲೆ ಸರಳ. ಆದರೆ ರಾಫ್ಟಿನ ಸುತ್ತಳತೆ 140 ಮೀಟರ್. ಅಷ್ಟೂ ಉದ್ದಕ್ಕೆ ಹೊರಚಾಚಿದ ಆ ಪಟ್ಟಿ, ರಾಫ್ಟಿನ ಶಟರಿಂಗ್ ಬಿಚ್ಚುವವರ ಕಾಲ ಕೆಳಗೆ, ಗೋಡೆಯ ಶಟರಿಂಗಿನ ಆನಿಕೆಗಳ ಕೆಳಗೆ, ಬದುವಿನಿಂದ ಜಾರುವ ಕೆಸರಿನ ಕೆಳಗೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಕಡೆಗೆ ಗೋಡೆಯ ಮೆಂಬ್ರೇನ್ ಬರುವ ಹೊತ್ತಿಗೆ ಬೆಸೆಯಲು ಶುದ್ಧವಾದ ಅಂಚು ಉಳಿದಿರುವುದಿಲ್ಲ.

ಬದಲಿಗೆ ರಾಫ್ಟಿನ ಸುತ್ತ 115 ಮಿಲಿಮೀಟರ್ ಇಟ್ಟಿಗೆ ಗೋಡೆಯನ್ನು ಮೊದಲೇ ಕಟ್ಟಿಸಿ, ಒಳಮೈಗೆ ಗಾರೆ ಬಳಿಸಿ, ತಳದ ಮೆಂಬ್ರೇನನ್ನು ಅದರ ಮೇಲೆ ಏರಿಸುವ ಕ್ರಮಕ್ಕೆ ಬದಲಾಯಿಸಿದೆವು. ರಾಫ್ಟಿನ ಕಾಂಕ್ರೀಟ್ ಈ ಇಟ್ಟಿಗೆ ಗೋಡೆಗೇ ಒರಗಿ ಬೀಳುತ್ತದೆ, ಹೊರಗಿನ ಶಟರಿಂಗ್ ಬೇಕಿಲ್ಲ. ಕಾಂಕ್ರೀಟಿನ ಒತ್ತಡಕ್ಕೆ ಗೋಡೆ ಬಗ್ಗದಂತೆ ಸುರಿಯುವ ಮೊದಲು ಹಿಂದೆ ಮಣ್ಣು ತುಂಬಿಸಿ ದಮ್ಮಸ್ಸು ಮಾಡಿಸಿದೆವು. ಗೋಡೆಯ ಮೇಲ್ತುದಿಯಲ್ಲಿ ಇನ್ನೂ 300 ಮಿಲಿಮೀಟರ್ ಮೆಂಬ್ರೇನನ್ನು ಅಂಟಿಸದೆ ಹೊರಕ್ಕೆ ಮಡಿಸಿ, ಮೇಲೆ ಬೋರ್ಡ್ ಇಟ್ಟು, ಎರಡು ಸಾಲು ಇಟ್ಟಿಗೆಯನ್ನು ಸುಣ್ಣದ ಸಡಿಲ ಗಾರೆಯಲ್ಲಿ ಹೊದಿಸಿದೆವು. ಬೇಸ್‌ಮೆಂಟ್ ಗೋಡೆ ಎದ್ದ ಮೇಲೆ ಈ ಎರಡು ಸಾಲು ಸುಲಭವಾಗಿ ಕಳಚುತ್ತದೆ, ಒಳಗಿನ ಅಂಚು ಶುದ್ಧವಾಗಿ ಕೈಗೆ ಸಿಗುತ್ತದೆ. ಇಟ್ಟಿಗೆಯ ಖರ್ಚಿನ ಬಗ್ಗೆ ಗುತ್ತಿಗೆದಾರರು ಗೊಣಗಿದರು. ಶಟರಿಂಗ್ ಉಳಿದದ್ದನ್ನು ಲೆಕ್ಕ ಹಾಕಿದ ಮೇಲೆ ಸುಮ್ಮನಾದರು.

ಹಾಸುವ ಕ್ರಮ

ಎರಡು ಲಿಫ್ಟ್ ಗುಂಡಿಗಳು ತಳಕ್ಕಿಂತ 1.5 ಮೀಟರ್ ಆಳದಲ್ಲಿದ್ದವು. ಕೆಲಸ ಅಲ್ಲಿಂದಲೇ ಶುರು, ಏಕೆಂದರೆ ನೀರು ಮೊದಲು ಕಾಡುವುದು ಅಲ್ಲೇ. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದ ಗ್ಯಾಸ್ ಮೇಲಕ್ಕೆ ಹೋಗದೆ ಗುಂಡಿಯ ತಳದಲ್ಲಿ ಕೂರುತ್ತದೆ. ಸಿಲಿಂಡರುಗಳನ್ನು ಗುಂಡಿಯೊಳಗೆ ಇಳಿಸಬಾರದು, ಗ್ಯಾಸ್ ಪತ್ತೆಯ ಉಪಕರಣದಿಂದ ನೋಡಿದ ಮೇಲೆಯೇ ಬರ್ನರ್ ಹಚ್ಚಬೇಕು, ಕೆಲಸ ಮುಗಿದ ಮೇಲೂ ಒಂದು ಗಂಟೆ ಬೆಂಕಿ ಕಾವಲಿರಬೇಕು ಎಂದು ಪತ್ರದಲ್ಲಿ ಬರೆಯಿಸಿದೆವು. ಪ್ರೈಮರ್ ಪೂರ್ತಿ ಒಣಗುವ ಮೊದಲು ಬರ್ನರ್ ಹಿಡಿಯಬಾರದೆಂಬುದಕ್ಕೂ ಬೆಂಕಿಯೇ ಕಾರಣ.

ಮೊದಲು ಮೂಲೆಗಳಿಗೆ 300 ಮಿಲಿಮೀಟರ್ ಅಗಲದ ಹೆಚ್ಚುವರಿ ಪಟ್ಟಿ, ಆಮೇಲೆ ಮೊದಲ ಪದರ, ಅದೇ ದಿಕ್ಕಿನಲ್ಲಿ ಅರ್ಧ ಅಗಲ ಸರಿಸಿ ಎರಡನೇ ಪದರ. ಹೀಗೆ ಸರಿಸಿದರೆ ಮೇಲಿನ ಲ್ಯಾಪ್ ಕೆಳಗಿನ ಲ್ಯಾಪಿನ ಮೇಲೆ ಬೀಳುವುದಿಲ್ಲ. ಪಕ್ಕದ ಸಾಲುಗಳ ತುದಿಲ್ಯಾಪುಗಳೂ ಒಂದೇ ನೇರದಲ್ಲಿ ಬರಬಾರದು. ಮೂರು ಹಾಳೆಗಳು ಒಂದೆಡೆ ಸೇರುವ ಜಾಗದಲ್ಲಿ ನಡುವಿನ ಹಾಳೆಯ ಮೂಲೆಯನ್ನು ಓರೆಯಾಗಿ ಕತ್ತರಿಸಬೇಕು. ಇಲ್ಲದಿದ್ದರೆ ಆ ಮೆಟ್ಟಿಲಿನ ಪಕ್ಕದಲ್ಲಿ ಸಣ್ಣ ಸುರಂಗವೊಂದು ಉಳಿದು ನೀರಿಗೆ ದಾರಿಯಾಗುತ್ತದೆ.

ಲ್ಯಾಪನ್ನು ಪರೀಕ್ಷಿಸುವುದು ಕಣ್ಣು ಮತ್ತು ಕರಣೆಯ ಕೆಲಸ. ಸರಿಯಾಗಿ ಕಾದ ಲ್ಯಾಪಿನ ಅಂಚಿನಲ್ಲಿ ಕರಗಿದ ಬಿಟುಮೆನ್ 5ರಿಂದ 10 ಮಿಲಿಮೀಟರ್ ಅಗಲದ ಕಪ್ಪು ಮಣಿಯಾಗಿ ಎಡೆಬಿಡದೆ ಹೊರಬಂದಿರುತ್ತದೆ. ಮಣಿ ತುಂಡಾದ ಕಡೆ ಮೊಂಡು ತುದಿಯ ಕರಣೆಯನ್ನು ಅಂಚಿನ ಉದ್ದಕ್ಕೆ ಎಳೆದು ನೋಡಬೇಕು. ತುದಿ ಒಳಗೆ ಜಾರಿದರೆ ಅದು ತೆರೆದ ಲ್ಯಾಪ್. ಪ್ರತಿ ದಿನದ ಕೆಲಸದಿಂದ ಒಂದು ಲ್ಯಾಪನ್ನು ಕತ್ತರಿಸಿ ಎರಡು ಕೈಯಲ್ಲಿ ಹಿಡಿದು ಸುಲಿಯುತ್ತಿದ್ದೆವು. ಎರಡೂ ಮೈಯಲ್ಲಿ ಹರಿದ ಕಪ್ಪು ಬಿಟುಮೆನ್ ಕಂಡರೆ ಬೆಸುಗೆ ಸರಿ. ಒಂದು ಮೈಯಲ್ಲಿ ಕಾರ್ಖಾನೆಯ ತೆಳು ಪ್ಲಾಸ್ಟಿಕ್ ಪೊರೆಯ ಹೊಳಪು ಹಾಗೆಯೇ ಉಳಿದಿದ್ದರೆ ಕಾವು ಸಾಲಲಿಲ್ಲ. ಪಾಲಿಯೆಸ್ಟರ್ ಎಳೆಗಳು ಬೆತ್ತಲಾಗಿ ಕಂಡರೆ ಕಾವು ಮಿತಿಮೀರಿದೆ, ಆ ಹಾಳೆಯನ್ನೇ ಬದಲಿಸಬೇಕು. ಕತ್ತರಿಸಿದ ಜಾಗಕ್ಕೆ ಎಲ್ಲ ಕಡೆ 150 ಮಿಲಿಮೀಟರ್ ಮೀರುವ ತೇಪೆ.

ನೀರು ನಿಲ್ಲಿಸಿ ಪರೀಕ್ಷಿಸೋಣ ಎಂದು ಮಾಲೀಕರ ಕಡೆಯವರೊಬ್ಬರು ಒತ್ತಾಯಿಸಿದರು. ಛಾವಣಿಗೆ ಅದು ಸರಿ, ಏಕೆಂದರೆ ಕೆಳಗಿನಿಂದ ಸೋರಿಕೆ ಕಾಣುತ್ತದೆ. ರಾಫ್ಟಿನ ಕೆಳಗೆ ಹೋಗಿ ನೋಡುವವರಾರು? ನೀರಿನ ಮಟ್ಟ ಇಳಿದರೆ ಆವಿಯೋ ಸೋರಿಕೆಯೋ ಹೇಳಲಾಗದು. ಮೇಲಾಗಿ ಪಿಸಿಸಿಯನ್ನು ನಾವೇ ನೆನೆಸಿದಂತಾಗುತ್ತದೆ. ಆ ಪರೀಕ್ಷೆಯನ್ನು ಪತ್ರದಿಂದ ತೆಗೆಯಿಸಿ, ಅದರ ಜಾಗದಲ್ಲಿ ಲ್ಯಾಪಿನ ನೂರಕ್ಕೆ ನೂರು ಉದ್ದವನ್ನು ಕರಣೆಯಿಂದ ನೋಡಿ, ಭಾಗ ಭಾಗವಾಗಿ ಸಹಿ ಮಾಡುವ ಕ್ರಮ ತಂದೆವು.

ಸ್ಕ್ರೀಡ್ ಎದ್ದ ರಾತ್ರಿ

ಸಹಿಯಾದ ಭಾಗಕ್ಕೆ ಅದೇ ದಿನ ಜಿಯೊಟೆಕ್ಸ್‌ಟೈಲ್ ಹೊದಿಕೆ, ಮರುದಿನ 10 ಮಿಲಿಮೀಟರ್ ಜಲ್ಲಿಯ 50 ಮಿಲಿಮೀಟರ್ ಸ್ಕ್ರೀಡ್. ಕೈಗಾಡಿಗಳು ಆಗಲೇ ಗಟ್ಟಿಯಾದ ಸ್ಕ್ರೀಡಿನ ಕಡೆಯಿಂದ, ಹಲಗೆಗಳ ಮೇಲೆ ಬರಬೇಕು. ಏರಿಸಿದ ಅಂಚಿನ ಮೆಂಬ್ರೇನಿಗೆ ಗಾರೆ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ರಕ್ಷಣಾ ಬೋರ್ಡ್.

ಎರಡನೇ ಭಾಗದ ಸ್ಕ್ರೀಡ್ ಆದ ಮೇಲೆ ಒಂದು ರಾತ್ರಿ ವಿದ್ಯುತ್ ಹೋಯಿತು. ಜನರೇಟರ್ ಶುರುವಾಯಿತು, ಆದರೆ ಲಿಫ್ಟ್ ಗುಂಡಿಯ ಹತ್ತಿರದ ಪಂಪಿಗೆ ಅದರ ತಂತಿ ಸೇರಿರಲಿಲ್ಲ. ಬೆಳಿಗ್ಗೆ ನೋಡುವಾಗ ಗುಂಡಿಯ ಸುತ್ತ ಸ್ಕ್ರೀಡಿನಲ್ಲಿ ಬಿಲ್ಲಿನಾಕಾರದ ಬಿರುಕು. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು.

ಲೆಕ್ಕ ಕಷ್ಟದ್ದಲ್ಲ. ಪಿಸಿಸಿ 100, ಸ್ಕ್ರೀಡ್ 50, ಒಟ್ಟು 150 ಮಿಲಿಮೀಟರ್ ಕಾಂಕ್ರೀಟ್. ಅದರ ತೂಕ ಚದರ ಮೀಟರಿಗೆ ಸುಮಾರು 360 ಕಿಲೊ. ನೀರು ಪಿಸಿಸಿಯ ತಳದಿಂದ 36 ಸೆಂಟಿಮೀಟರ್ ಮೇಲೇರಿದರೆ ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುತ್ತದೆ. ರಾಫ್ಟ್ ಬೀಳುವವರೆಗೆ ಮೆಂಬ್ರೇನನ್ನು ಒತ್ತಿ ಹಿಡಿದಿರುವುದು ಅಷ್ಟೇ ತೂಕ.

ಟೊಳ್ಳು ಸದ್ದು ಬಂದ ಜಾಗಕ್ಕಿಂತ ಒಂದು ಮೀಟರ್ ಆಚೆಯವರೆಗೂ ಸ್ಕ್ರೀಡನ್ನು ಕೈ ಉಳಿಯಿಂದ ತೆಗೆಸಿದೆವು. ಯಂತ್ರದ ಬ್ರೇಕರ್ ಬಳಸಿದ್ದರೆ ಉಳಿದ ಮೆಂಬ್ರೇನಿಗೂ ಪೆಟ್ಟು ಬೀಳುತ್ತಿತ್ತು. ನಡುಹಾಳೆಗಳಿಗೆ ಏನೂ ಆಗಿರಲಿಲ್ಲ. ಗುಂಡಿಯ ಬಾಯಿಯ ಉದ್ದಕ್ಕೆ ಮೆಂಬ್ರೇನ್ ಜಗ್ಗಿ, ಎರಡನೇ ಪದರದ ಒಂದು ಲ್ಯಾಪ್ ಬೆರಳು ತೂರುವಷ್ಟು ಬಾಯಿಬಿಟ್ಟಿತ್ತು. ಜಗ್ಗಿದ ಭಾಗವನ್ನೆಲ್ಲ ಕತ್ತರಿಸಿ, ಒಡೆದ ಪಿಸಿಸಿಯನ್ನು ಸರಿಪಡಿಸಿ, ಒಣಗಿಸಿ, ಎರಡೂ ಪದರಗಳನ್ನು ಹೊಸದಾಗಿ ಹಾಕಿಸಿದೆವು. ಪತ್ರಕ್ಕೆ ಎರಡು ಸಾಲು ಸೇರಿದವು: ಪ್ರತಿ ಪಂಪಿಗೂ ತಾನಾಗಿ ಬದಲಾಗುವ ಜನರೇಟರ್ ಸಂಪರ್ಕ, ನೀರಿನ ಮಟ್ಟ ನೋಡುವ ಕೊಳವೆಗೆ ಕೆಂಪು ಗುರುತು ಹಾಕಿ, ರಾತ್ರಿಯಲ್ಲಿ ಎರಡು ಗಂಟೆಗೊಮ್ಮೆ ಅಳೆದು ಬರೆಯುವ ಪುಸ್ತಕ.

ಕಂಬಿಯ ನಡುವೆ ತಪಾಸಣೆ

ಸಾಮಾನ್ಯವಾಗಿ ಮೆಂಬ್ರೇನ್ ತಪಾಸಣೆ ಸ್ಕ್ರೀಡಿನೊಂದಿಗೆ ಮುಗಿಯಿತೆಂದು ತಿಳಿಯುತ್ತಾರೆ. ಏರಿಸಿದ ಅಂಚಿಗೆ ಅಪಾಯ ಶುರುವಾಗುವುದು ಆಮೇಲೆ. ಕೆಳಪದರದ ಕಂಬಿ ಆದ ಮೇಲೆ, ಅಂಚಿನ ಯು ಆಕಾರದ ಕಂಬಿಗಳನ್ನು ಕಟ್ಟುವ ಮೊದಲು ಒಂದು ಹೋಲ್ಡ್ ಪಾಯಿಂಟ್, ಅಂದರೆ ತಪಾಸಣೆ ಆಗದೆ ಕೆಲಸ ಮುಂದುವರಿಯಬಾರದ ಹಂತ ಇಟ್ಟಿದ್ದೆವು. ಯು ಕಂಬಿ ಕೂತ ಮೇಲೆ ಆ ಅಂಚಿನ ಬುಡಕ್ಕೆ ಕಣ್ಣು ಹೋಗುವುದಿಲ್ಲ.

ವಾಯವ್ಯ ಮೂಲೆಯಲ್ಲಿ ಬೋರ್ಡು ಒಂದು ಕಡೆ ತುಸು ಒಳಗೆ ಕುಸಿದಂತೆ ಕಂಡಿತು. ಅದನ್ನು ಸರಿಸಿದಾಗ, ತಳದ ಕಂಬಿಯೊಂದರ ತುದಿ ಬೋರ್ಡನ್ನು ತೂರಿ ಮೆಂಬ್ರೇನಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಸೀಳು ಮಾಡಿತ್ತು. ಕಂಬಿ ಉದ್ದವಾಗಿ ಕತ್ತರಿಸಿ ಬಂದಿತ್ತು. ಕಟ್ಟುವವರು ಅದನ್ನು ಸನ್ನೆ ಹಾಕಿ ಕೂರಿಸಿದ್ದರು. ಅಲ್ಲಿಯೇ ಗ್ಯಾಸ್ ಕಟ್ಟರಿನಿಂದ ತುದಿ ಕತ್ತರಿಸುತ್ತೇವೆ ಎಂದರು. ಕಿಡಿ ಮೆಂಬ್ರೇನಿನ ಮೇಲೆ ಬೀಳುವುದರಿಂದ ಅದಕ್ಕೆ ಒಪ್ಪಲಿಲ್ಲ. ನಾಲ್ಕು ಕಂಬಿಗಳನ್ನು ಬಿಚ್ಚಿ ಹೊರಗೆ ಒಯ್ದು ಕತ್ತರಿಸಿ ತಂದರು. ಆ ತೆರವಿನಲ್ಲಿ ಸೀಳಿನ ಸುತ್ತ ಸ್ವಚ್ಛಗೊಳಿಸಿ, ದುಂಡು ಮೂಲೆಯ ತೇಪೆಯನ್ನು ಎಲ್ಲ ಕಡೆ 150 ಮಿಲಿಮೀಟರ್ ಮೀರುವಂತೆ ಬೆಸೆದೆವು. ಆಮೇಲೆ ಅಂಚಿನ ಎಲ್ಲ ಕಂಬಿಗಳ ತುದಿಗೂ ಪ್ಲಾಸ್ಟಿಕ್ ಟೋಪಿ ಹಾಕಿ ಇಳಿಸುವ ನಿಯಮ ಬಂತು.

ಪಂಪಿನ ಕೊಳವೆ

ರಾಫ್ಟಿನ ಕಾಂಕ್ರೀಟ್ ಬಿದ್ದ ಮೇಲೂ ಪಂಪ್ ನಡೆಯಲೇಬೇಕು. ರಾಫ್ಟಿನ ಸ್ವಂತ ತೂಕ ಚದರ ಮೀಟರಿಗೆ 2.25 ಟನ್, ನೀರು ತಳ್ಳುವುದು 5 ಟನ್. ಶೇಕಡಾ 10 ಹೆಚ್ಚುವರಿ ಭದ್ರತೆ ಸೇರಿಸಿದರೆ 5.5 ಟನ್ ಬೇಕು. ಉಳಿದದ್ದು ಗೋಡೆ, ಕಂಬ, ಮೇಲಿನ ಅಂತಸ್ತುಗಳಿಂದ ಬರಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪುವವರೆಗೆ ಪಂಪ್ ನಿಲ್ಲಿಸುವಂತಿಲ್ಲ ಎಂದು ಪತ್ರದಲ್ಲಿತ್ತು.

ಅಷ್ಟು ಕಾಲ ಪಂಪಿನ ಕೊಳವೆ ರಾಫ್ಟನ್ನೂ ಮೆಂಬ್ರೇನನ್ನೂ ಹಾದು ನಿಂತಿರುತ್ತದೆ. ಪ್ಲಾಸ್ಟಿಕ್ ಕೊಳವೆಗೆ ಬಿಟುಮೆನ್ ಸುತ್ತಿ ಬಿಡುವ ರೂಢಿ ಇದೆ, ಅದು ನಿಲ್ಲುವುದಿಲ್ಲ. ಇಲ್ಲಿ ಉಕ್ಕಿನ ಕೊಳವೆ ಹಾಕಿಸಿದೆವು. ಮೆಂಬ್ರೇನ್ ಮಟ್ಟದಲ್ಲಿ ಎರಡು ಫ್ಲೇಂಜುಗಳ ನಡುವೆ ಮೆಂಬ್ರೇನನ್ನು ಹಿಡಿದು ಬೋಲ್ಟ್ ಬಿಗಿಯುವ ವ್ಯವಸ್ಥೆ. ರಾಫ್ಟಿನ ನಡುದಪ್ಪದಲ್ಲಿ ಕೊಳವೆಯ ಸುತ್ತ ಬೆಸೆದ ಇನ್ನೊಂದು ಉಕ್ಕಿನ ತಟ್ಟೆ, ಕೊಳವೆಯ ಮೈಗುಂಟ ಏರುವ ನೀರನ್ನು ತಡೆಯಲು. ಒಪ್ಪಿಗೆ ಬಂದ ದಿನ ಪಂಪನ್ನು ಎತ್ತಿ, ತಳಕ್ಕೆ ಜಲ್ಲಿ ತುಂಬಿ, ಮೇಲೆ ಕುಗ್ಗದ ಕಾಂಕ್ರೀಟನ್ನು ಕೊಳವೆಯಿಂದ ಇಳಿಸಿ, ಬಾಯಿಗೆ ಗ್ಯಾಸ್ಕೆಟ್ ಇಟ್ಟು ಉಕ್ಕಿನ ಮುಚ್ಚಳ ಬಿಗಿದು, ಉಳಿದ ಗುಳಿಯನ್ನು ಗ್ರೌಟಿನಿಂದ ತುಂಬಿಸಿದೆವು. ಒಂದೇ ದಿನ ಎಲ್ಲ ಕೊಳವೆಗಳನ್ನೂ ಮುಚ್ಚದೆ ಒಂದೊಂದಾಗಿ ಮುಚ್ಚಿದ್ದರಿಂದ, ನೀರು ಏರುವ ವೇಗ ಉಳಿದ ಪಂಪುಗಳ ಹಿಡಿತದಲ್ಲೇ ಇತ್ತು.

ನೀರು ತನ್ನ ಸಹಜ ಮಟ್ಟಕ್ಕೆ ಮರಳಿದ ಮೇಲೆ ರಾಫ್ಟಿನ ಮೇಲ್ಮೈಯನ್ನು ಗುಡಿಸಿ, ಚೌಕಗಳಾಗಿ ಗುರುತು ಹಾಕಿ ನೋಡಿದೆವು. ಸರಿಪಡಿಸಿದ ಲಿಫ್ಟ್ ಗುಂಡಿ ಒಣಗಿತ್ತು, ವಾಯವ್ಯ ಮೂಲೆಯೂ ಒಣಗಿತ್ತು. ಎರಡು ಸುರಿತಗಳ ನಡುವಿನ ಕಾಂಕ್ರೀಟ್ ಜಾಯಿಂಟಿನಲ್ಲಿ ಅಂಗೈಯಷ್ಟು ತೇವ ಕಂಡಿತು. ಅಲ್ಲಿ ವಾಟರ್‌ಸ್ಟಾಪ್ ಪಟ್ಟಿಯ ಸುತ್ತ ಕಾಂಕ್ರೀಟ್ ಪೂರ್ತಿ ತುಂಬಿರಲಿಲ್ಲ. ಆದರೆ ನೀರು ಅಲ್ಲಿಗೆ ತಲುಪಿದೆಯೆಂದರೆ ಮೆಂಬ್ರೇನನ್ನು ಎಲ್ಲೋ ದಾಟಿಯೇ ಬಂದಿದೆ. ಎಲ್ಲಿ ದಾಟಿತೆಂದು ತಿಳಿಯುವ ಮಾರ್ಗ, ಮೊದಲೇ ಒಪ್ಪಿಕೊಂಡಂತೆ, ಈ ವ್ಯವಸ್ಥೆಯಲ್ಲಿ ಇಲ್ಲ. ಆದ್ದರಿಂದ ಜಾಯಿಂಟಿನ ಎರಡೂ ಬದಿಯಿಂದ ಓರೆಯಾಗಿ ತೂತು ಕೊರೆದು, ಜಾಯಿಂಟನ್ನು ನಡುದಪ್ಪದಲ್ಲಿ ಸಂಧಿಸುವಂತೆ ಪಾಲಿಯುರಿಥೇನ್ ರಾಳವನ್ನು ಒತ್ತಡದಿಂದ ತುಂಬಿಸಿದೆವು. ಕೊರೆಯುವವರಿಗೆ ಕೊಟ್ಟ ಮೊದಲ ಸೂಚನೆ, ತೂತು ರಾಫ್ಟಿನ ಅರ್ಧ ದಪ್ಪ ಮೀರಬಾರದು ಎಂಬುದು. ಕೆಳಗಿನ ಮೆಂಬ್ರೇನನ್ನು ಡ್ರಿಲ್ಲಿನಿಂದ ತೂತುಮಾಡಿದರೆ ರಾಳವೂ ಕಾಪಾಡದು. ತೇವ ನಿಂತಿತು. ಆ ಜಾಯಿಂಟಿನ ಜಾಗ, ತೇಪೆಗಳ ಜಾಗ, ಪ್ರತಿ ಭಾಗದ ಲ್ಯಾಪ್ ಸಾಲುಗಳ ಛಾಯಾಚಿತ್ರಗಳನ್ನು ರಾಫ್ಟಿನ ಚೌಕನಕ್ಷೆಯ ಮೇಲೆ ಗುರುತಿಸಿ ಕಟ್ಟಡದ ನಿರ್ವಹಣೆಯವರಿಗೆ ಒಪ್ಪಿಸಿದೆವು. ಮುಂದೆ ಎಲ್ಲಾದರೂ ತೇವ ಕಂಡರೆ ಅವರು ಕೊರೆಯುವ ಮೊದಲು ನೋಡಬೇಕಾದದ್ದು ಆ ನಕ್ಷೆ.